ಅವಿಭಾಜ್ಯಗಳ ವ್ಯುತ್ಕ್ರಮಗಳ ಮೊತ್ತ: ಎರ್ಡಿಶ್ ಸಾಧನೆಯ ಸಾರಾಂಶ

ಗಂಗಾವತಿ, ಬಿ.ಎಸ್ಸಿ. ಅಂತಿಮ ವರ್ಷದ ಶನಿವಾರದ ಸೆಮಿನಾರಿಗೆ. ಪೂರ್ತಿ ಸಾಧನೆಯನ್ನು ಹಲಗೆಯ ಮೇಲೆ ಮಾಡೋಣ. ಈ ಹಾಳೆಯನ್ನು ಓದಿಕೊಂಡು ಬನ್ನಿ.

ಹೇಳಿಕೆ

1/2 + 1/3 + 1/5 + 1/7 + 1/11 + … ಎಂದು ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡುತ್ತ ಹೋದರೆ ಆ ಮೊತ್ತಕ್ಕೆ ಮಿತಿಯೇ ಇಲ್ಲ. ನೀವು ಯಾವ ಸಂಖ್ಯೆಯನ್ನು ಹೇಳಿದರೂ ಅದು ಒಂದಲ್ಲ ಒಂದು ಕಡೆ ಅದನ್ನು ದಾಟುತ್ತದೆ.

ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಹತ್ತು ಲಕ್ಷದೊಳಗಿನ ಅಷ್ಟೂ ಅವಿಭಾಜ್ಯಗಳನ್ನು ತೆಗೆದುಕೊಂಡರೂ ಮೊತ್ತ ಸುಮಾರು 2.89. ಕ್ಯಾಲ್ಕುಲೇಟರನ್ನು ನಂಬಿ ಕುಳಿತವರು 3ರ ಹತ್ತಿರ ಎಲ್ಲೋ ನಿಲ್ಲುತ್ತದೆ ಎಂದು ಪಣ ಕಟ್ಟಿಯಾರು. ಇದು ನಿಲ್ಲುವುದಿಲ್ಲವೆಂದು ಆಯ್ಲರ್ 1737ರಲ್ಲಿ ತೋರಿಸಿದರು. ನಾವು ನೋಡುವುದು 1938ರಲ್ಲಿ ಪಾಲ್ ಎರ್ಡಿಶ್ ಕೊಟ್ಟ ಸಾಧನೆ. ಇದಕ್ಕೆ ಲಾಗರಿದಮ್ ಬೇಡ, ಕಲನಶಾಸ್ತ್ರ ಬೇಡ. ಎಣಿಸಲು ಬಂದರೆ ಸಾಕು.

ಮುಖ್ಯ ಉಪಾಯ

ಮೊತ್ತ ಎಲ್ಲೋ ನಿಲ್ಲುತ್ತದೆ ಎಂದುಕೊಂಡರೆ ದೊಡ್ಡ ಅವಿಭಾಜ್ಯಗಳು ತೀರಾ ವಿರಳ ಎಂದಾಗುತ್ತದೆ. ಹಾಗಾದರೆ ಬಹುಪಾಲು ಸಂಖ್ಯೆಗಳು ಬೆರಳೆಣಿಕೆಯ ಸಣ್ಣ ಅವಿಭಾಜ್ಯಗಳಿಂದಲೇ ಹುಟ್ಟಬೇಕು. ಆದರೆ ಅಷ್ಟು ಸಂಖ್ಯೆಗಳನ್ನು ಹುಟ್ಟಿಸುವ ಶಕ್ತಿ ಅವಕ್ಕಿಲ್ಲ. ಇಲ್ಲೇ ವೈರುಧ್ಯ. ಜಾಣತನವೆಲ್ಲ ಇರುವುದು ಈ ಕೊನೆಯ ಮಾತನ್ನು ಲೆಕ್ಕಕ್ಕೆ ತರುವುದರಲ್ಲಿ.

ಹೆಜ್ಜೆಗಳು

ಮೊತ್ತ ಅಭಿಸರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಮೊದಲ k ಅವಿಭಾಜ್ಯಗಳನ್ನು ಬಿಟ್ಟು ಉಳಿದವುಗಳ ವ್ಯುತ್ಕ್ರಮಗಳ ಮೊತ್ತ 1/2ಕ್ಕಿಂತ ಕಡಿಮೆಯಾಗುವಂಥ ಒಂದು k ಸಿಗುತ್ತದೆ. ಮೊದಲ kಯನ್ನು ಸಣ್ಣವು, ಉಳಿದವನ್ನು ದೊಡ್ಡವು ಎನ್ನೋಣ. ನಮ್ಮ ಊಹೆ ಬಳಕೆಯಾಗುವುದು ಇದೊಂದೇ ಜಾಗದಲ್ಲಿ.

ಈಗ 1ರಿಂದ Nವರೆಗಿನ ಸಂಖ್ಯೆಗಳನ್ನು ಎರಡು ರಾಶಿ ಮಾಡಿ. ಒಂದಾದರೂ ದೊಡ್ಡ ಅವಿಭಾಜ್ಯದಿಂದ ಭಾಗವಾಗುವವು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಮೊದಲ ರಾಶಿಯ ಎಣಿಕೆ ಸುಲಭ: p ಯಿಂದ ಭಾಗವಾಗುವ ಸಂಖ್ಯೆಗಳು N/p ಗಿಂತ ಹೆಚ್ಚಿರಲಾರವು, ಆದ್ದರಿಂದ ಒಟ್ಟು N/2ಕ್ಕಿಂತ ಕಡಿಮೆ. ಎರಡು ದೊಡ್ಡ ಅವಿಭಾಜ್ಯಗಳಿಂದ ಭಾಗವಾಗುವ ಸಂಖ್ಯೆಯನ್ನು ಎರಡು ಸಲ ಎಣಿಸಿದಂತಾಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಣಿಸಿದ್ದು ನಿಜ. ನಮಗೆ ಬೇಕಿರುವುದು ಮೇಲ್ಮಿತಿ, ಹೆಚ್ಚು ಎಣಿಸಿದರೆ ನಷ್ಟವಿಲ್ಲ.

ಎರಡನೇ ರಾಶಿಯ ಪ್ರತಿ ಸಂಖ್ಯೆಯನ್ನೂ n = a·b² ಎಂದು ಬರೆಯಿರಿ; a ಯಲ್ಲಿ ಯಾವ ಅವಿಭಾಜ್ಯವೂ ಎರಡು ಸಲ ಬರಬಾರದು. ಒಂದೊಂದು ಸಣ್ಣ ಅವಿಭಾಜ್ಯವೂ a ಯಲ್ಲಿ ಇರುತ್ತದೆ ಅಥವಾ ಇರುವುದಿಲ್ಲ, ಹೀಗಾಗಿ a ಗೆ 2^k ಆಯ್ಕೆಗಳು. b ಯಂತೂ √N ಅನ್ನು ಮೀರುವಂತಿಲ್ಲ. ಆದ್ದರಿಂದ ಈ ರಾಶಿಯಲ್ಲಿ ಹೆಚ್ಚೆಂದರೆ 2^k·√N ಸಂಖ್ಯೆಗಳು.

ಒಂದು ಉದಾಹರಣೆ ಮಾಡಿ ನೋಡಿ. ಸಣ್ಣವು 2, 3, 5 ಆಗಿರಲಿ, N = 256 ಇರಲಿ. a ಆಗಬಲ್ಲವು 1, 2, 3, 5, 6, 10, 15, 30, ಒಟ್ಟು ಎಂಟು. b 1ರಿಂದ 16ರವರೆಗೆ. 240 ಅಂದರೆ 15·4². ಸೂತ್ರ ಕೊಡುವ ಮಿತಿ 8 × 16 = 128; ನಿಜಕ್ಕೂ ಕೂತು ಎಣಿಸಿದರೆ ಸಿಗುವುದು 52 ಮಾತ್ರ. 30·16² = 7680ರಂಥ, 256ರ ಗಡಿಯಾಚೆಗಿನ ಸಂಖ್ಯೆಗಳೂ 128ರಲ್ಲಿ ಸೇರಿಕೊಂಡಿವೆ. ಇಷ್ಟು ಒರಟಾದ ಅಂದಾಜೇ ಕೆಲಸ ಮುಗಿಸುತ್ತದೆ ಎನ್ನುವುದು ನನಗೆ ಈ ಸಾಧನೆಯಲ್ಲಿ ಎಲ್ಲಕ್ಕಿಂತ ಇಷ್ಟ.

ಕೊನೆಗೆ N = 2^(2k+2) ಎಂದು ಆರಿಸಿ. ಆಗ √N = 2^(k+1), ಎರಡನೇ ರಾಶಿಯ ಮಿತಿ 2^(2k+1), ಅಂದರೆ ಸರಿಯಾಗಿ N/2. ಮೊದಲನೆಯದು N/2ಕ್ಕಿಂತ ಕಡಿಮೆ, ಎರಡನೆಯದು N/2ನ್ನು ಮೀರದು. ಕೂಡಿದರೆ N ಗಿಂತ ಕಡಿಮೆ. ಆದರೆ ರಾಶಿ ಹಾಕಿದ್ದು N ಸಂಖ್ಯೆಗಳನ್ನು! ಆದ್ದರಿಂದ ಊಹೆ ತಪ್ಪು, ಮೊತ್ತ ಅಪಸರಿಸುತ್ತದೆ.

ಇದರಿಂದ ಸಿಗುವುದು, ಸಿಗದಿರುವುದು

ಅವಿಭಾಜ್ಯಗಳು ಅನಂತ ಎಂಬ ಯೂಕ್ಲಿಡನ ಮಾತು ಪುಕ್ಕಟೆಯಾಗಿ ಬರುತ್ತದೆ, ಏಕೆಂದರೆ ಎಣಿಸಿ ಮುಗಿಯುವಷ್ಟೇ ಇದ್ದರೆ ಮೊತ್ತವೂ ಮುಗಿಯುತ್ತಿತ್ತು. ಇನ್ನೂ ಹೆಚ್ಚಿನದೂ ಸಿಗುತ್ತದೆ: ಪೂರ್ಣವರ್ಗಗಳೂ ಅನಂತವೇ, ಆದರೆ ಅವುಗಳ ವ್ಯುತ್ಕ್ರಮಗಳ ಮೊತ್ತ π²/6ರಲ್ಲಿ ನಿಂತುಬಿಡುತ್ತದೆ. ಆ ಅರ್ಥದಲ್ಲಿ ಅವಿಭಾಜ್ಯಗಳು ವರ್ಗಗಳಿಗಿಂತ ದಟ್ಟ. ಮೊತ್ತ ಎಷ್ಟು ನಿಧಾನ ಬೆಳೆಯುತ್ತದೆ ಎಂಬುದನ್ನು ಮಾತ್ರ ಈ ಸಾಧನೆ ಹೇಳುವುದಿಲ್ಲ. ಅದಕ್ಕೆ log log N ಬೇಕು. ಅವಳಿ ಅವಿಭಾಜ್ಯಗಳಿಗೂ ಹೀಗೇ ಮಾಡಬಹುದೇ ಎಂಬ ಪ್ರಶ್ನೆ ಸಹಜ. ಆಗದು: ಅವುಗಳ ವ್ಯುತ್ಕ್ರಮಗಳ ಮೊತ್ತ ಅಭಿಸರಿಸುತ್ತದೆ ಎಂದು ವಿಗ್ಗೋ ಬ್ರೂನ್ 1919ರಲ್ಲೇ ಸಾಧಿಸಿದ್ದಾರೆ. ಅವು ಅನಂತವೋ ಅಲ್ಲವೋ ಎಂಬುದು ಈ ದಾರಿಯಲ್ಲಿ ತೀರ್ಮಾನವಾಗುವ ಮಾತಲ್ಲ.