ಗೃಹಸಾಲ ಮುಕ್ತಾಯ: ಅಸಲು ದಾಖಲೆ ಮತ್ತು ಬೇಬಾಕಿ ಪತ್ರ ಕೋರಿ ಅರ್ಜಿ

ಮೈಸೂರು
8-1-2025

ಶಾಖಾ ವ್ಯವಸ್ಥಾಪಕರಿಗೆ,
ಕುವೆಂಪುನಗರ ಶಾಖೆ, ಮೈಸೂರು

ಗೃಹಸಾಲ ಖಾತೆ: ಕೊನೆಯ ನಾಲ್ಕು ಅಂಕಿ 4172
ಸಾಲಗಾರರು: ಎಚ್. ಎಸ್. ಮಂಜುನಾಥ, ಸವಿತಾ ಮಂಜುನಾಥ (ಜಂಟಿ)

ಮಾನ್ಯರೇ,

2011ರ ಮಾರ್ಚ್‌ನಲ್ಲಿ ನಿಮ್ಮ ಶಾಖೆಯಿಂದ ಪಡೆದ 15 ಲಕ್ಷ ರೂಪಾಯಿ ಗೃಹಸಾಲದ ಬಾಕಿ ₹2,31,460ನ್ನು ಇದೇ 6ರಂದು ಪೂರ್ತಿ ಕಟ್ಟಿದ್ದೇವೆ. ಖಾತೆಯಲ್ಲಿ ಶೂನ್ಯ ಬಾಕಿ ತೋರಿಸುವ ಸ್ಟೇಟ್‌ಮೆಂಟನ್ನೂ ನಿಮ್ಮಲ್ಲೇ ಪಡೆದಿದ್ದೇವೆ. ಆದರೆ ಮರುದಿನವೇ ಉಳಿತಾಯ ಖಾತೆಯಿಂದ ₹16,580 ಕಂತು ಎಂದಿನಂತೆ ಕಡಿತವಾಗಿದೆ. ಆ ಹಣ ವಾಪಸ್ ಹಾಕಿಸಿ, ನ್ಯಾಚ್ ಮ್ಯಾಂಡೇಟ್ ರದ್ದು ಮಾಡಿಸಿ. ಮುಂದಿನ ತಿಂಗಳೂ ಕಡಿತವಾದರೆ ಮತ್ತೆ ಅರ್ಜಿ ಹಿಡಿದು ಬರುವ ಗೋಳು ನಮಗೂ ಬೇಡ, ನಿಮಗೂ ಬೇಡ.

ಬೇಬಾಕಿ ಪತ್ರದಲ್ಲಿ ಇಬ್ಬರ ಹೆಸರು, ಪೂರ್ತಿ ಖಾತೆ ಸಂಖ್ಯೆ, ಮುಕ್ತಾಯದ ದಿನಾಂಕ ಇರಲಿ. ಆಸ್ತಿಯ ಮೇಲೆ ಬ್ಯಾಂಕಿಗೆ ಇನ್ನು ಯಾವ ಹಕ್ಕೂ ಇಲ್ಲವೆಂಬ ಮಾತೂ ಸ್ಪಷ್ಟವಾಗಿರಲಿ.

ನಮ್ಮ ಮುಖ್ಯ ಚಿಂತೆ ಅಸಲು ದಾಖಲೆಗಳದ್ದು. ನಮ್ಮ ಕ್ರಯಪತ್ರ, ಹಿಂದಿನ ಮಾಲೀಕರ ಮುಡಾ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಅವರ ಹೆಸರಿನ ಹಕ್ಕುಪತ್ರ, ಮಂಜೂರಾದ ನಕ್ಷೆ, ಖಾತಾ ಪತ್ರ, ಕಂದಾಯ ರಸೀದಿಗಳು ಸೇರಿ ಒಟ್ಟು 14 ದಾಖಲೆ ನಿಮ್ಮಲ್ಲಿವೆ. ಅಂದಿನ ಅಧಿಕಾರಿ ಮೊಹರು ಹಾಕಿ ಕೊಟ್ಟ ಪಟ್ಟಿ ಜತೆಗಿಟ್ಟಿದ್ದೇನೆ. ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಎಣಿಸಿ ಪಡೆಯುತ್ತೇವೆ. ಹಿಂದಿನ ಮಾಲೀಕರು ಈಗಿಲ್ಲ. ಅವರ ಕಾಲದ ಪತ್ರ ಕಳೆದರೆ ಹೊಸದಾಗಿ ಹೊಂದಿಸುವುದು ಸುಲಭವಲ್ಲ.

ಕಡತ ಬೆಂಗಳೂರಿನ ಕೇಂದ್ರ ಉಗ್ರಾಣದಲ್ಲಿದೆ, ಯಾವಾಗ ಬರುತ್ತದೋ ಹೇಳಲಾಗದು ಎಂದು ಕೌಂಟರಿನಲ್ಲಿ ಹೇಳಿದರು. ರಿಸರ್ವ್ ಬ್ಯಾಂಕಿನ 13-9-2023ರ ಸುತ್ತೋಲೆಯಂತೆ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅಸಲು ದಾಖಲೆ ಮರಳಿಸಬೇಕು, ನೋಂದಾಯಿತ ಚಾರ್ಜನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ನಮ್ಮ ಲೆಕ್ಕದಲ್ಲಿ ಆ ಗಡುವು ಫೆಬ್ರವರಿ 5. ನಮಗೆ ಬೇಕಿರುವುದು ಪರಿಹಾರದ ಹಣವಲ್ಲ, ಕಾಗದ. ಸಾಲದ ವ್ಯವಹಾರವೆಲ್ಲ ಇದೇ ಶಾಖೆಯಲ್ಲಿ ನಡೆದಿರುವುದರಿಂದ ಇಲ್ಲಿಯೇ ಪಡೆಯಲು ಇಚ್ಛಿಸುತ್ತೇವೆ.

ಸಾಲ ಕೊಡುವಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ನೋಂದಣಿ ಮಾಡಿಸಿದ್ದಿರಿ. ಅದರ ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ನಿಮ್ಮ ಅಧಿಕಾರಿ ಯಾವ ದಿನ ಬರುತ್ತಾರೆ ತಿಳಿಸಿ. ಅದಾಗದೆ ಇಸಿಯಲ್ಲಿ ಋಣಭಾರ ಹಾಗೆಯೇ ಉಳಿಯುತ್ತದೆ. ಸೆರ್ಸಾಯ್ ನೋಂದಣಿಯನ್ನೂ ತೆಗೆಸಿ, ಸಿಬಿಲ್‌ಗೆ ಸಾಲ ಮುಕ್ತಾಯದ ವರದಿ ಕಳಿಸಿ.

ದಾಖಲೆ ಬಂದ ದಿನ ಫೋನ್ ಮಾಡಿಸಿದರೆ ಸಾಕು. ಸವಿತಾ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ, ಎರಡು ದಿನ ಮೊದಲೇ ತಿಳಿದರೆ ಇಬ್ಬರೂ ಒಟ್ಟಿಗೆ ಬಂದು ಸಹಿ ಮಾಡುತ್ತೇವೆ. ಈ ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಕೊಡಬೇಕಾಗಿ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ಎಚ್. ಎಸ್. ಮಂಜುನಾಥ

ಲಗತ್ತು: ಶೂನ್ಯ ಬಾಕಿ ಸ್ಟೇಟ್‌ಮೆಂಟ್, 2011ರ ದಾಖಲೆ ಪಟ್ಟಿಯ ನಕಲು, ಕಂತು ಕಡಿತದ ಪಾಸ್‌ಬುಕ್ ಪುಟ, ಇಬ್ಬರ ಗುರುತಿನ ಚೀಟಿ ನಕಲು