ಚೆಕ್ ಬೌನ್ಸ್ ಆದ ಬಗ್ಗೆ ಕಾನೂನು ನೋಟಿಸ್

ರಿಜಿಸ್ಟರ್ಡ್ ಪೋಸ್ಟ್, ಅಕ್ನಾಲೆಡ್ಜ್‌ಮೆಂಟ್ ಸಹಿತ
ದಿನಾಂಕ: 02-07-2025

ಇಂದ: ಬೋಪಯ್ಯ, ಕಾಫಿ ಬೆಳೆಗಾರ, ನಾಪೋಕ್ಲು, ಮಡಿಕೇರಿ ತಾಲ್ಲೂಕು, ಕೊಡಗು
ಗೆ: ಗಿರೀಶ್, ಕರಿಮೆಣಸು ವ್ಯಾಪಾರಿ, ಕುಶಾಲನಗರ, ಕೊಡಗು

ವಿಷಯ: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರ ಕಲಂ 138ರ ಪ್ರಕಾರ ನೋಟಿಸ್

ಗಿರೀಶ್ ಅವರೇ,

ಏಪ್ರಿಲ್ 9ರಂದು ನೀವು ನಮ್ಮ ತೋಟದ ಕಣದಲ್ಲೇ ತೂಕ ಮಾಡಿಸಿ 600 ಕೆ.ಜಿ. ಒಣ ಕರಿಮೆಣಸು ಒಯ್ದಿದ್ದೀರಿ. ಕೆ.ಜಿ.ಗೆ 650 ರೂಪಾಯಿಯಂತೆ ಒಟ್ಟು 3,90,000 ರೂಪಾಯಿ. ಅಂದು 50,000 ಮುಂಗಡವಾಗಿ ನನ್ನ ಖಾತೆಗೆ ಹಾಕಿದಿರಿ. ಬಾಕಿ 3,40,000 ರೂಪಾಯಿಗೆ ನೀವೇ ಸಹಿ ಮಾಡಿ ಕೊಟ್ಟ ಚೆಕ್ಕಿನ ನಂಬರ್ 004217, ದಿನಾಂಕ 16-06-2025. ತೂಕದ ಚೀಟಿಯಲ್ಲೂ ನಿಮ್ಮ ಸಹಿ ಇದೆ.

ಚೆಕ್ಕಿಗೆ ಮೂರು ತಿಂಗಳ ಅವಧಿ ಇರುತ್ತದೆ. ನಾನು ಜೂನ್ 18ರಂದೇ ಮಡಿಕೇರಿಯ ನನ್ನ ಬ್ಯಾಂಕಿಗೆ ಹಾಕಿದೆ. ನಿಮ್ಮ ಅಕೌಂಟಿನಲ್ಲಿ ಸಾಕಷ್ಟು ಹಣವಿಲ್ಲ ಎಂಬ ಮೆಮೊ ಜೊತೆ ಅದು ವಾಪಸ್ ಬಂತು. ಮೆಮೊ ನನ್ನ ಕೈಸೇರಿದ್ದು ಜೂನ್ 20ಕ್ಕೆ. ಅಂದಿನಿಂದ 30 ದಿನದೊಳಗೆ ಕೊಡಬೇಕಾದ ನೋಟಿಸ್ ಇದು.

ಎರಡು ಸಲ ಫೋನ್ ಮಾಡಿದಾಗಲೂ "ಮಳೆ ಕಳೆಯಲಿ" ಎಂದಿರಿ. ನಮ್ಮ ಲೈನ್ ಮನೆಯವರ ಕೂಲಿ ಮಳೆ ಕಳೆಯುವವರೆಗೆ ಕಾಯುವುದಿಲ್ಲ, ಅಲ್ವಾ? ನಂಬಿ ಮಾಲು ಕೊಟ್ಟವನಿಗೆ ಇದು ತುಂಬ ನೋವಿನ ಸಂಗತಿ.

ಈ ನೋಟಿಸ್ ನಿಮಗೆ ತಲುಪಿದ 15 ದಿನದೊಳಗೆ ಚೆಕ್ಕಿನ ಪೂರ್ತಿ ಮೊತ್ತ 3,40,000 (ಮೂರು ಲಕ್ಷದ ನಲವತ್ತು ಸಾವಿರ) ರೂಪಾಯಿ ಕೊಡಬೇಕು. ಡಿ.ಡಿ. ಕೊಡಿ, ಇಲ್ಲವೇ ಮುಂಗಡ ಹಾಕಿದ ಅದೇ ಖಾತೆಗೆ ಕಳಿಸಿ. ಇಷ್ಟು ಮೊತ್ತವನ್ನು ನಗದಾಗಿ ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಇದಲ್ಲದೆ, ಬೇರೆಯಾಗಿ ಕೇಳುತ್ತಿರುವುದು: ನನ್ನ ಬ್ಯಾಂಕ್ ಹಿಡಿದುಕೊಂಡ 590 ರೂಪಾಯಿ, ಮತ್ತು ಕಲಂ 80ರಂತೆ ಜೂನ್ 16ರಿಂದ ವರ್ಷಕ್ಕೆ ಶೇ. 18 ಬಡ್ಡಿ. ಚೆಕ್ಕಿನ ಮೊತ್ತ 15 ದಿನದೊಳಗೆ ಪೂರ್ತಿ ಬಂದರೆ ಇವೆರಡನ್ನೂ ಬಿಡಲು ಸಿದ್ಧ. ನನಗೆ ಕೋರ್ಟ್ ಹತ್ತುವ ಆಸೆ ಇಲ್ಲ.

ಬಾರದಿದ್ದರೆ, 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮಡಿಕೇರಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕುತ್ತೇನೆ. ನನ್ನ ಖಾತೆ ಇರುವ ಶಾಖೆ ಮಡಿಕೇರಿಯದ್ದಾದ್ದರಿಂದ ಕೇಸು ಅಲ್ಲೇ ನಡೆಯುತ್ತದೆ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ನೀವು ತಪ್ಪು ಒಪ್ಪದಿದ್ದರೆ, ಕೇಸು ನಡೆಯುವಾಗಲೇ ಕಲಂ 143ಎ ಪ್ರಕಾರ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೇಳುತ್ತೇನೆ. ಬಾಕಿ, ಬಡ್ಡಿ ಮತ್ತು ಖರ್ಚಿಗೆ ಸಿವಿಲ್ ದಾವೆ ಹೂಡುವ ಹಕ್ಕನ್ನೂ ಉಳಿಸಿಕೊಂಡಿದ್ದೇನೆ.

ಸಾಲಕ್ಕಾಗಿಯೇ ಚೆಕ್ ಕೊಟ್ಟದ್ದು ಎಂದು ಕಲಂ 139ರಂತೆ ಕೋರ್ಟ್ ಮೊದಲು ಭಾವಿಸುತ್ತದೆ. ಅಲ್ಲ ಎನ್ನುವುದಾದರೆ ತೋರಿಸಬೇಕಾದವರು ನೀವು. ಈ ಕವರನ್ನು ಬೇಡವೆಂದು ವಾಪಸ್ ಕಳಿಸಿದರೂ ತಲುಪಿದಂತೆಯೇ ಲೆಕ್ಕ.

ಚೆಕ್, ಮೆಮೊ ಮತ್ತು ತೂಕದ ಚೀಟಿಯ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಮೂಲ ಪ್ರತಿಗಳೂ ಈ ನೋಟಿಸಿನ ಒಂದು ಪ್ರತಿಯೂ ನನ್ನ ಬಳಿ ಇವೆ.

(ಸಹಿ)
ಬೋಪಯ್ಯ
ನಾಪೋಕ್ಲು