ಓಟಿಪಿ ಯಾರಿಗೂ ಹೇಳಿಲ್ಲ, ಆದರೂ ದುಡ್ಡು ಹೋಯಿತು

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ಸಂಘದ ಪೂಜೆಯಲ್ಲಿ ನಿಮ್ಮಲ್ಲಿ ಹಲವರು ನನ್ನನ್ನು ನೋಡಿದ್ದೀರಿ. ಹೋದ ವಾರ ನಮ್ಮವರೇ ಒಬ್ಬರಿಗೆ ಆದದ್ದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಅಮ್ಮ ಎನ್ನುತ್ತೇನೆ.

ಬೆಳಗ್ಗೆ ಬ್ಯಾಂಕ್ ಬಾಗಿಲು ತೆಗೆಯುವಾಗಲೇ ನಿಂತಿದ್ದರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದರು. “ಮಗಳೇ, ಓಟಿಪಿ ನಾನು ಯಾರಿಗೂ ಹೇಳಿಲ್ಲ” ಎಂದು ಮೂರು ಸಲ ಹೇಳಿದರು. ಅವರು ಹೇಳಿದ್ದು ನಿಜ.

ಹಿಂದಿನ ದಿನ ಮಧ್ಯಾಹ್ನ ಒಬ್ಬ ಫೋನ್ ಮಾಡಿದ್ದಾನೆ. ಗ್ಯಾಸ್ ಕಂಪನಿಯವನಂತೆ. ಹೋದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತಕ್ಕೆ ಲೈನ್ ಕಟ್ ಆಗುತ್ತದೆ, ಬರೀ 12 ರೂಪಾಯಿ ಕಟ್ಟಿದರೆ ಸಾಕು ಎಂದಿದ್ದಾನೆ. ವಾಟ್ಸಾಪ್‌ನಲ್ಲಿ Gas Bill Update.apk ಎಂಬ ಫೈಲ್ ಬಂದಿದೆ. ಅಮ್ಮ ಒತ್ತಿದ್ದಾರೆ. ಫೋನ್ ಏನೋ ಕೇಳಿದೆ, Allow ಎಂದಿದ್ದಾರೆ. ಆಮೇಲೆ ತೆರೆದ ಪುಟದಲ್ಲಿ ಕಾರ್ಡ್ ನಂಬರ್, ಪಿನ್ ಎಲ್ಲ ತುಂಬಿದ್ದಾರೆ.

ಹೆಸರಿನ ಕೊನೆಯಲ್ಲಿ .apk ಇದ್ದರೆ ಅದು ಬಿಲ್ ಅಲ್ಲ, ಒಂದು ಆ್ಯಪ್. ಆ Allow ಒತ್ತಿದ ಕ್ಷಣದಿಂದ ಫೋನಿಗೆ ಬರುವ ಪ್ರತಿ ಎಸ್ಸೆಮ್ಮೆಸ್ ಅವನಿಗೂ ಹೋಗುತ್ತದೆ. ಓಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ. ಕೆಲವು ಆ್ಯಪ್‌ಗಳು ಬ್ಯಾಂಕಿನ ಮೆಸೇಜ್ ನಿಮ್ಮ ಕಣ್ಣಿಗೆ ಬೀಳದಂತೆಯೂ ಮಾಡುತ್ತವೆ. ಇದೇ ಫೈಲ್ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಲೈಟ್ ಬಿಲ್ ಎಂಬ ಹೆಸರಿನಲ್ಲೂ ಬರುತ್ತದೆ. ಗುರುತಿನವರ ನಂಬರಿನಿಂದಲೂ ಬರಬಹುದು, ಅವರ ಫೋನ್ ಆಗಲೇ ಕಳ್ಳರ ಕೈಗೆ ಸಿಕ್ಕಿದ್ದರೆ.

ಎರಡೂವರೆಗೆ ತರಕಾರಿ ಅಂಗಡಿಯಲ್ಲಿ ಯುಪಿಐ ಮಾಡಲು ಹೋದಾಗ ಅಕೌಂಟಿನಲ್ಲಿ ದುಡ್ಡೇ ಇಲ್ಲ. 49,000 ಎರಡು ಸಲ ಹೋಗಿತ್ತು. ಅಮ್ಮನಿಗೆ ಆಗಲೇ ಎಲ್ಲ ಗೊತ್ತಾಗಿದೆ. ಆದರೆ ಮಗ ಬೈಯುತ್ತಾನೆ ಎಂದು ಸುಮ್ನೆ ಇದ್ದುಬಿಟ್ಟರು. ಅಡುಗೆ ಮಾಡಿ ಬಡಿಸಿದರು, ರಾತ್ರಿಯಿಡೀ ಎದ್ದಿದ್ದರು. ಆ ರಾತ್ರಿಯೇ ಕಳ್ಳರು ಅಮ್ಮನ ಎಫ್‌ಡಿ ಮೇಲೆ ಆನ್‌ಲೈನ್‌ನಲ್ಲಿ 1,80,000 ಸಾಲ ತೆಗೆದು ಅದನ್ನೂ ಸಾಗಿಸಿದರು. ಎಫ್‌ಡಿ ಭದ್ರ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ನೆಟ್ ಬ್ಯಾಂಕಿಂಗ್ ಕಳ್ಳನ ಕೈಯಲ್ಲಿದ್ದರೆ ಅದೂ ಭದ್ರವಲ್ಲ. ಎರಡೂವರೆಗೇ ಒಂದು ಫೋನ್ ಮಾಡಿದ್ದರೆ ಆ ಸಾಲ ಹೋಗುತ್ತಿರಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುವುದು ಇದಕ್ಕೇ.

ಹಾಗಾಗಿ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಹೀಗೆ ಬಂದು ಹೇಳಿದರೆ ದಯವಿಟ್ಟು ಬೈಯಬೇಡಿ. ಬೈಗುಳದ ಹೆದರಿಕೆಗೆ ಅವರು ಸುಮ್ಮನಿರುವಷ್ಟೂ ಹೊತ್ತು ಕಳ್ಳನದು.

ಫೈಲ್ ಒತ್ತಿದ್ದೀರಿ ಅಂದರೆ, ದುಡ್ಡು ಹೋಗಲಿ ಬಿಡಲಿ, ಮೊದಲು ಆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ವೈಫೈ ಕೂಡ ಆರಿಸಿ. ಅಕ್ಕಪಕ್ಕದವರ ಫೋನ್ ತೆಗೆದುಕೊಂಡು ಬ್ಯಾಂಕಿಗೆ ಕರೆ ಮಾಡಿ. ನಂಬರ್ ಡೆಬಿಟ್ ಕಾರ್ಡಿನ ಹಿಂಭಾಗದಲ್ಲಿದೆ, ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರ ನಂಬರೂ ಇರುತ್ತದೆ. ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ಬಂದ್ ಮಾಡಿ ಎನ್ನಿ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅದೇ ಹೊತ್ತಿಗೆ ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಎಷ್ಟು ಹೋಯಿತು, ಎಷ್ಟು ಗಂಟೆಗೆ, ಯಾವ ಬ್ಯಾಂಕು, ವ್ಯವಹಾರದ ನಂಬರ್ ಏನು ಎಂದು ಕೇಳುತ್ತಾರೆ. ಲೈನ್ ಸಿಗದಿದ್ದರೆ ಬಿಡಬೇಡಿ, cybercrime.gov.in ನಲ್ಲಿ ದೂರು ಹಾಕಿ, ಮತ್ತೆ ಪ್ರಯತ್ನಿಸಿ. ದುಡ್ಡು ಇನ್ನೂ ಯಾವುದಾದರೂ ಅಕೌಂಟಿನಲ್ಲಿದ್ದರೆ ಅಲ್ಲೇ ತಡೆ ಹಿಡಿಯಬಹುದು. ಕಳ್ಳರು ಅದನ್ನು ನಿಮಿಷಗಳಲ್ಲಿ ಒಂದರಿಂದ ಒಂದಕ್ಕೆ ದಾಟಿಸುತ್ತಾರೆ.

ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮ ಒಂದಿದೆ. ನಮ್ಮ ತಪ್ಪಿನಿಂದಲೇ ವಿವರ ಹೊರಗೆ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ದುಡ್ಡಿಗೆ ಬ್ಯಾಂಕೇ ಹೊಣೆ. ಅದಕ್ಕೇ ದೂರಿನ ನಂಬರ್ ಮತ್ತು ಸಮಯ ಬರೆದಿಡಿ ಎಂದದ್ದು.

ಫೋನನ್ನು ಕೂಡಲೇ ಅಳಿಸಬೇಡಿ. ಆ ಚಾಟ್, ಕರೆ ಬಂದ ನಂಬರ್ ಎಲ್ಲದರ ಫೋಟೋ ಇನ್ನೊಂದು ಫೋನಿನಿಂದ ತೆಗೆದು ಪೊಲೀಸರಿಗೆ ತೋರಿಸಿ, ಆಮೇಲೆ ರೀಸೆಟ್ ಮಾಡಿಸಿ. ಸಿಮ್ಮನ್ನು ಬೇರೆ ಫೋನಿಗೆ ಹಾಕಿ ##002# ಒತ್ತಿದರೆ ಕಾಲ್ ಫಾರ್ವರ್ಡ್ ಏನಾದರೂ ಇದ್ದರೆ ರದ್ದಾಗುತ್ತದೆ. ಇದಾದ ಕೆಲವು ದಿನಕ್ಕೆ “ಹಣ ವಾಪಸ್ ಕೊಡಿಸುತ್ತೇವೆ, ಫೀಸ್ ಕಟ್ಟಿ” ಎಂದು ಯಾರಾದರೂ ಫೋನ್ ಮಾಡಿದರೆ ಅವರೂ ಕಳ್ಳರೇ.

ಅಮ್ಮನ ದುಡ್ಡಿನಲ್ಲಿ 62,000 ಒಂದು ಅಕೌಂಟಿನಲ್ಲಿ ತಡೆ ಹಿಡಿದಿದ್ದಾರೆ. ಉಳಿದದ್ದಕ್ಕೆ ಓಡಾಡುತ್ತಿದ್ದೇವೆ.

ಭಾನುವಾರ ಸಂಜೆ ಐದರಿಂದ ಏಳರವರೆಗೆ ಸಂಘದ ಹಾಲ್‌ನಲ್ಲಿರುತ್ತೇನೆ. ಹಿರಿಯರ ಫೋನ್ ತನ್ನಿ. ಇಂಥ ಆ್ಯಪ್ ಇದೆಯೇ ಎಂದು ಕೂತು ನೋಡೋಣ, ಹೊರಗಿನ ಫೈಲ್ ಇನ್‌ಸ್ಟಾಲ್ ಆಗದಂತೆ ಸೆಟ್ಟಿಂಗ್ ಬಂದ್ ಮಾಡಿ ಕೊಡುತ್ತೇನೆ.